ಚರಂಡಿಯ ಖಾಸಗಿ ಬದುಕು

ಮಂಡ್ಯದಲ್ಲಿ ಚರಂಡಿಗೂ ಮಾನ ಮರ್ಯಾದೆ ಇದೆ. ಅದರ ಉದ್ದ, ಅಗಲ, ಆಳ ಕಂಡಕಂಡವರು ಕೇಳುವಂಥದ್ದಲ್ಲ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಕೇಳಿಬಿಟ್ಟರು. ಮೊದಲ ಮಳೆಗೇ ಹೊಸ ಚರಂಡಿಯ ಗೋಡೆ ಒರಗಿದ್ದು ನೋಡಿ, ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ಕಾಮಗಾರಿಯ ಬಿಲ್ಲು ಮತ್ತು ಎಂಬಿ ನಕಲು ಕೊಡಿ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು.

ಎಂಬಿ ಅಂದರೆ ಅಳತೆ ಪುಸ್ತಕ. ಎಷ್ಟು ಮೀಟರ್ ಕೆಲಸ ಆಯಿತು, ಎಷ್ಟು ಕಾಂಕ್ರೀಟ್ ಬಿತ್ತು ಅಂತ ಎಂಜಿನಿಯರು ಬರೆದು ಸಹಿ ಹಾಕುವ ಪುಸ್ತಕ. ಅದರ ಮೇಲೆಯೇ ಬಿಲ್ ಪಾಸಾಗುವುದು. ಬರೆಯುವವರಿಗೆ ಸರ್ಕಾರಿ ಸಂಬಳ, ಕೊಡುವುದು ನಮ್ಮ ತೆರಿಗೆ ದುಡ್ಡು. ಇದರಲ್ಲಿ ಯಾರ ಗುಟ್ಟಿದೆ ಅಂತೀರಾ? ಅಧಿಕಾರಿಗೆ ಕಂಡಿತು. ಕಲಂ 11ರಡಿ ಕಂಟ್ರಾಕ್ಟರನ್ನು ಮೂರನೇ ವ್ಯಕ್ತಿ ಮಾಡಿ, ಮಾಹಿತಿ ಕೊಡಲು ತಮ್ಮ ಆಕ್ಷೇಪಣೆ ಇದೆಯೇ ಅಂತ ನೋಟಿಸ್ ಕಳಿಸಿದರು. ಹಾಲಿನ ಲೆಕ್ಕ ಹೇಳಲೇ ಅಂತ ಬೆಕ್ಕಿನ ಅಪ್ಪಣೆ ಕೇಳಿದ ಹಾಗೆ.

ಕಾನೂನಿನಲ್ಲಿ ಈ ನೋಟಿಸ್ ಸುಮ್ನೆ ಕಳಿಸುವುದಲ್ಲ. ಮೂರನೇ ವ್ಯಕ್ತಿ ಗೌಪ್ಯ ಅಂತ ಇಟ್ಟುಕೊಂಡು ಬಂದ ಮಾಹಿತಿಯನ್ನು ಕೊಡಲು ಅಧಿಕಾರಿ ಹೊರಟಾಗ ಮಾತ್ರ, ಅರ್ಜಿ ಬಂದ 5 ದಿನದೊಳಗೆ ಕಳಿಸಬೇಕು. ಅವರಿಗೆ ಉತ್ತರಿಸಲು 10 ದಿನ. ಅವರು ಬೇಡ ಅಂದರೂ ಅದು ತೀರ್ಪಲ್ಲ. ತೂಗಿ ನೋಡಿ 40 ದಿನದೊಳಗೆ ತೀರ್ಮಾನಿಸಬೇಕಾದವರು ಅಧಿಕಾರಿಯೇ. ನಮ್ಮ ಅಧಿಕಾರಿ ತೂಗಿದರು. ಕಂಟ್ರಾಕ್ಟರ್ ಪತ್ರ ಜಾಸ್ತಿ ಭಾರ ಬಂತು. 'ವೈಯಕ್ತಿಕ ಮಾಹಿತಿ, ಕಲಂ 8(1)(ಜೆ)' ಅಂತ ಒಂದೇ ಸಾಲಿನ ಹಿಂಬರಹ.

ಮೊದಲು ಹೀಗೆ ಬರೆಯುವಾಗ ಕೈ ಸ್ವಲ್ಪ ನಡುಗಬೇಕಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲ, ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ಅಂತ ತೋರಿಸಬೇಕಿತ್ತು. 2023ರ ಡೇಟಾ ರಕ್ಷಣೆ ಕಾಯ್ದೆ ಆ ಷರತ್ತುಗಳನ್ನು ಕಿತ್ತುಹಾಕಿತು. 2025ರ ನವೆಂಬರಿನಿಂದ 'ವೈಯಕ್ತಿಕ' ಅಂದರೆ ಸಾಕು. ಆದರೆ ಕಲಂ 8(2) ಹಾಗೇ ಉಳಿದಿದೆ. ಕೊಟ್ಟರೆ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುತ್ತದೆ. ಆ ಪುಟ ಮಾತ್ರ ನಮ್ಮ ಕಚೇರಿಯ ಪುಸ್ತಕದಲ್ಲಿ ಅಂಟಿಕೊಂಡಿರಬೇಕು.

ಇನ್ನೊಂದು ತಮಾಷೆ. ಇದೇ ಕಂಟ್ರಾಕ್ಟರ ಹೆಸರು, ಕಾಮಗಾರಿಯ ಮೊತ್ತ ಎರಡೂ ಬೀದಿ ತುದಿಯ ಬೋರ್ಡಿನಲ್ಲಿ ಕೆಂಪು ಬಣ್ಣದಲ್ಲಿ ರಾರಾಜಿಸುತ್ತಿವೆ. ಅಲ್ಲಿ ಖಾಸಗಿತನಕ್ಕೆ ಬಿಸಿಲು ತಾಗಿಲ್ಲ.

ಮೇಷ್ಟ್ರು ಕಚೇರಿಗೇ ಹೋದರು. "ಬ್ಯಾಂಕ್ ಖಾತೆ, ಪ್ಯಾನ್ ನಂಬರ್ ನನಗ್ಯಾಕೆ ಸ್ವಾಮಿ? ಮಸಿ ಬಳಿದು ಉಳಿದದ್ದು ಕೊಡಿ. ಕಲಂ 10 ಇರೋದೇ ಅದಕ್ಕಲ್ವಾ?" ಅಂದರು.

"ಮೇಷ್ಟ್ರೇ, ಮಸಿ ಬಳಿಯೋಕೂ ಅವರ ಒಪ್ಪಿಗೆ ಬೇಕಾಗುತ್ತೆ."

ಈಗ ಮೊದಲ ಮೇಲ್ಮನವಿ ಹೋಗಿದೆ. ಮಾಹಿತಿ ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಅಧಿಕಾರಿಯದೇ. ಉತ್ತರದ ಕರಡು ಕಂಟ್ರಾಕ್ಟರೇ ಬರೆಸಿಕೊಡುತ್ತಾರಂತೆ.