ಕೋಷ್ಟಕವನ್ನು ಗೂಗಲ್ ಎತ್ತಿಕೊಳ್ಳುವ ಹಾಗೇ ಬರೆಯಬೇಕಾ?

ಪರ: ಶಿರಸಿಯಿಂದ

ಅಡಿಕೆಯ ಕೊನೆಕೊಯ್ಲು ಶುರುವಾಯಿತು ಅಂದರೆ ನನಗೆ ಒಂದು ಪ್ರಶ್ನೆ ಗ್ಯಾರಂಟಿ. ‘ಚಾಲಿಗೂ ಕೆಂಪಡಿಕೆಗೂ ಏನು ವ್ಯತ್ಯಾಸ?’ ಕೇಳುವವರು ಊರಿನವರಲ್ಲ, ಬೆಂಗಳೂರಲ್ಲೋ ಪುಣೆಯಲ್ಲೋ ಇರುವ ನಮ್ಮದೇ ನೆಂಟರ ಮಕ್ಕಳು, ಇಲ್ಲಾ ತೋಟ ತೆಗೆದುಕೊಳ್ಳಬೇಕು ಅಂತ ಹೊರಟವರು. ಅವರಿಗೆ ಅಂತಲೇ ಮೂರು ವರ್ಷದ ಹಿಂದೆ ಒಂದು ದೊಡ್ಡ ಬರಹ ಬರೆದೆ. ಅಂಗಳ, ಅಟ್ಟ, ರಾತ್ರಿ ಸುಲಿಯುವವರ ಮಾತುಕತೆ ಎಲ್ಲಾ ಇತ್ತು. ಚೆನ್ನಾಗಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಚಾಲಿ ಒಣಗಲಿಕ್ಕೆ 40-45 ದಿನ ಬೇಕು ಅನ್ನುವ ಮಾತು ನಾಲ್ಕನೇ ಪ್ಯಾರಾದ ಹೊಟ್ಟೆಯೊಳಗೆ ಕೂತಿತ್ತು. ಕೆಂಪಡಿಕೆಯ ಲೆಕ್ಕ ಏಳನೆಯದರಲ್ಲಿ. ಎರಡನ್ನೂ ಹೋಲಿಸಬೇಕಾದರೆ ಓದುಗರು ಮೇಲೆ ಕೆಳಗೆ ಎರಡು ಸಲ ಓಡಬೇಕಿತ್ತು.

ಕಡೆಗೆ ಒಂದು ಕೋಷ್ಟಕ ಸೇರಿಸಿದೆ. ಅದನ್ನು ಮಾಡಿದ್ದು ಫೋನಿನಲ್ಲಿ, ಬಣ್ಣಬಣ್ಣದ ಚಿತ್ರವಾಗಿ. ವಾಟ್ಸಾಪ್‌ನಲ್ಲಿ ಅದು ಚೆನ್ನಾಗಿ ಓಡಾಡಿತು. ಗೂಗಲ್‌ನಲ್ಲಿ ಹುಡುಕಿದವರಿಗೆ ಮಾತ್ರ ಕಾಣಲೇ ಇಲ್ಲ. ಯಾಕೆ ಅಂದರೆ ಹುಡುಕಾಟದ ಫಲಿತಾಂಶದ ಮೇಲ್ತುದಿಯಲ್ಲಿ ಒಂದು ಚೌಕದೊಳಗೆ ಉತ್ತರವನ್ನೇ ತೋರಿಸುತ್ತಾರಲ್ಲ, ಅದನ್ನು ಫೀಚರ್ಡ್ ಸ್ನಿಪೆಟ್ ಅಂತಾರೆ. ಆ ಚೌಕಕ್ಕೆ ಕೋಷ್ಟಕ ಬರುವುದು ಪುಟದಲ್ಲಿ ಅಕ್ಷರವಾಗಿ ಇರುವ ಕೋಷ್ಟಕದಿಂದ. ನನ್ನದು ಬರೀ ಚಿತ್ರ.

ಎರಡನೇ ಸಲ ಹೀಗೆ ಮಾಡಿದೆ:

```html
<h2>ಚಾಲಿ ಮತ್ತು ಕೆಂಪಡಿಕೆ: ವ್ಯತ್ಯಾಸವೇನು?</h2>
<table>
<tr><th>ವಿಷಯ</th><th>ಚಾಲಿ</th><th>ಕೆಂಪಡಿಕೆ</th></tr>
<tr><td>ಕೊಯ್ಲು</td><td>ಹಣ್ಣಾದ ಮೇಲೆ</td><td>ಹಸಿರಿರುವಾಗ</td></tr>
<tr><td>ಸುಲಿಯುವುದು</td><td>ಒಣಗಿದ ಮೇಲೆ</td><td>ಬೇಯಿಸುವ ಮೊದಲು</td></tr>
<tr><td>ಬೇಯಿಸುವುದು</td><td>ಇಲ್ಲ</td><td>ಚೊಗರಿನಲ್ಲಿ</td></tr>
<tr><td>ಬಿಸಿಲಲ್ಲಿ ಒಣಗಲು</td><td>40-45 ದಿನ</td><td>ಸುಮಾರು 1 ವಾರ</td></tr>
</table>
```

ಇದರಲ್ಲಿ ಜಾಣತನ ಏನೂ ಇಲ್ಲ. ಶೀರ್ಷಿಕೆಯಲ್ಲಿ ಇರುವುದು ಜನ ಕೇಳುವ ಪ್ರಶ್ನೆಯೇ. ಮೊದಲು ಅಲ್ಲಿ ‘ನಮ್ಮ ಅಡಿಕೆ, ನಮ್ಮ ಬದುಕು’ ಅಂತ ಹಾಕಿದ್ದೆ. ಅದನ್ನು ಓದಿ ಕೆಳಗೆ ಯಾವ ಕೋಷ್ಟಕ ಇದೆ ಅಂತ ಮನುಷ್ಯರಿಗೇ ತಿಳಿಯುತ್ತಿರಲಿಲ್ಲ, ಇನ್ನು ಯಂತ್ರಕ್ಕೆ ಹೇಗೆ ತಿಳಿಯಬೇಕು? ಶೀರ್ಷಿಕೆ ಮುಗಿದ ಕೂಡಲೇ ಕೋಷ್ಟಕ ಬರಬೇಕು. ನಡುವೆ ಬೇಕಾದರೆ ಒಂದು ವಾಕ್ಯ ಇರಲಿ, ಜಾಹೀರಾತು ಬೇಡ. ಮೊದಲ ಸಾಲಿನಲ್ಲಿ `th` ಹಾಕಿದರೆ ಅದು ಕಂಬಸಾಲಿನ ಹೆಸರು ಅಂತ ಗೊತ್ತಾಗುತ್ತದೆ. `td` ಹಾಕಿ ದಪ್ಪಕ್ಷರ ಮಾಡಿದರೆ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆದರೆ ಒಳಗಿನ ಅರ್ಥ ಬೇರೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಇನ್ನೊಂದು ಎಡವಟ್ಟು ನಾನೇ ಮಾಡಿದ್ದು. ಕೋಷ್ಟಕದಲ್ಲಿ ‘ಒಣಗಿಸುವುದು’ ಅನ್ನುವ ಮನೆಯನ್ನು ಎರಡು ಸಾಲಿಗೆ ಸೇರಿಸಿ ದೊಡ್ಡದು ಮಾಡಿದ್ದೆ, ಒಂದು ಬಿಸಿಲಿಗೆ, ಒಂದು ಡ್ರೈಯರ್‌ಗೆ. ಕಾಗದದ ಮೇಲೆ ಚೆಂದ. ಆದರೆ ಯಾವ ಅಂಕಿ ಯಾವುದರ ಪಕ್ಕದ್ದು ಅನ್ನುವುದು ಗೋಜಲಾಯಿತು. ಕಣ್ಣು ಕಾಣದ ನನ್ನ ಸ್ನೇಹಿತರೊಬ್ಬರು ಫೋನಿನಲ್ಲಿ ಓದಿಸಿಕೊಂಡು, ‘ಈ 45 ಯಾರದ್ದು ಮಾರಾಯಾ?’ ಅಂತ ಕೇಳಿದರು. ಆವತ್ತೇ ಮನೆಗಳನ್ನು ಬಿಡಿಬಿಡಿ ಮಾಡಿದೆ. ಫೋನು ಗಟ್ಟಿಯಾಗಿ ಓದಿ ಹೇಳುವಾಗಲೂ ಆ `th` ಕೆಲಸಕ್ಕೆ ಬರುತ್ತದೆ. ‘ಚಾಲಿ, 40-45 ದಿನ’ ಅಂತ ಹೆಸರು ಸೇರಿಸಿ ಓದಬಲ್ಲದು. ಅಂದರೆ ಗೂಗಲ್‌ಗೆ ಅಂತ ಮಾಡಿದ ಕೆಲಸ ಮೊದಲು ಒಬ್ಬ ಮನುಷ್ಯರಿಗೆ ಉಪಕಾರವಾಯಿತು. ಗೂಗಲ್ ಆಮೇಲೆ.

ಒಂದು ಮಾತು ಮುಚ್ಚಿಡಬಾರದು. ಇಷ್ಟು ಮಾಡಿದರೆ ಎತ್ತಿಕೊಂಡೇ ಕೊಳ್ಳುತ್ತಾರೆ ಅಂತಿಲ್ಲ. ‘ನನ್ನ ಪುಟವನ್ನು ಚೌಕದಲ್ಲಿ ತೋರಿಸಿ’ ಅಂತ ಹೇಳುವ ಗುರುತು ಯಾವುದೂ ಇಲ್ಲ. ಅದನ್ನು ಅವರ ಯಂತ್ರವೇ ತೀರ್ಮಾನಿಸುತ್ತದೆ. ಒಂದು ವಾರ ಬಂದದ್ದು ಮುಂದಿನ ವಾರ ಹೋಗಲೂಬಹುದು. ನೋಡಬೇಕಾದರೆ ಖಾಸಗಿ ವಿಂಡೋದಲ್ಲಿ ಶೀರ್ಷಿಕೆಯ ಪ್ರಶ್ನೆಯನ್ನೇ ಟೈಪ್ ಮಾಡಿ. ಗೂಗಲ್‌ನದೇ ಸರ್ಚ್ ಕನ್ಸೋಲ್‌ನಲ್ಲಿ ಪುಟ ಎಷ್ಟು ಸಲ ಕಂಡಿತು, ಎಷ್ಟು ಸಲ ಒತ್ತಿದರು ಅನ್ನುವ ಲೆಕ್ಕ ಸಿಗುತ್ತದೆ. ನನ್ನ ಪುಟ ಎರಡು ತಿಂಗಳ ಮೇಲೆ ಚೌಕಕ್ಕೆ ಹೋಯಿತು. ಫೋನ್ ಮಾಡುವವರು ಈಗ ‘ವ್ಯತ್ಯಾಸ ಏನು’ ಅಂತ ಕೇಳುವುದಿಲ್ಲ. ‘ನಮ್ಮಲ್ಲಿ ಸುಲಿಯಲಿಕ್ಕೆ ಜನ ಇಲ್ಲ, ಹಾಗಾದರೆ ಚಾಲಿಯೇ ವಾಸಿಯಾ?’ ಅಂತ ಕೇಳುತ್ತಾರೆ. ಅದಲ್ವಾ ಮಾತಾಡಬೇಕಾದ ಪ್ರಶ್ನೆ?

ವಿರೋಧ: ಕುಮಟಾದಿಂದ

ಶಿರಸಿಯ ಸ್ನೇಹಿತರ ಕೋಷ್ಟಕದಲ್ಲಿ ತಪ್ಪು ಹುಡುಕಲಿಕ್ಕೆ ನಾನು ಹೊರಟಿಲ್ಲ. ಚಿತ್ರ ಬೇಡ, ಅಕ್ಷರ ಇರಲಿ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಓದಲಿಕ್ಕೆ ಅಂತ ಕೋಷ್ಟಕ ಮಾಡಿ. ಎತ್ತಿಕೊಂಡು ಹೋಗಲಿ ಅಂತ ಮಾಡುವುದೇ ಬೇರೆ. ಎತ್ತಿದಾಗ ಕೋಷ್ಟಕ ಒಂದೇ ಹೋಗುತ್ತದೆ. ಅದರ ಕೆಳಗೆ ನಾವು ಬರೆದ ಷರಾ ಇಲ್ಲೇ ಉಳಿಯುತ್ತದೆ.

ನನ್ನ ಕತೆ ಕೇಳಿ. ನಮ್ಮದು ಕುಮಟಾ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ. ಘಟ್ಟದ ಮೇಲಿನಿಂದ ಬರುವವರಿಗೆ ದಾರಿ ಹೇಳಿ ಹೇಳಿ ಸಾಕಾಗಿ ನಾನೂ ಒಂದು ಕೋಷ್ಟಕ ಮಾಡಿದ್ದೆ. ‘ಶಿರಸಿಯಿಂದ ಕುಮಟಾಕ್ಕೆ ಯಾವ ದಾರಿ ಹತ್ತಿರ?’ ಅಂತ ಶೀರ್ಷಿಕೆ. ದೇವಿಮನೆ ಘಾಟಿ ಒಂದು ಸಾಲು, ಸುಮಾರು 60 ಕಿಲೋಮೀಟರ್. ಸಿದ್ದಾಪುರದ ಮೇಲೆ ದೊಡ್ಮನೆ ಘಾಟಿ ಇನ್ನೊಂದು. ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ ಸುತ್ತಿ ಬರುವುದು ಮೂರನೆಯದು. ಕೆಳಗೆ ಒಂದು ವಾಕ್ಯ: ‘ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಬಂದ್ ಆಗಿರಬಹುದು, ಹೊರಡುವ ಮೊದಲು ಫೋನ್ ಮಾಡಿ.’

ಕೋಷ್ಟಕ ಚೌಕಕ್ಕೆ ಹೋಯಿತು. ನನಗೆ ಖುಷಿಯೋ ಖುಷಿ. ಹೆಂಡತಿಗೆ ತೋರಿಸಿದೆ, ಅಣ್ಣನಿಗೆ ಕಳಿಸಿದೆ. ಕೆಳಗಿನ ವಾಕ್ಯ ಹೋಗಿಲ್ಲ ಅನ್ನುವುದನ್ನು ಗಮನಿಸಲೇ ಇಲ್ಲ. ಜುಲೈ ತಿಂಗಳಲ್ಲಿ ದಾವಣಗೆರೆಯ ಒಂದು ಕುಟುಂಬ ಹೊರಟಿತು, ಜೊತೆಗೆ ಇಬ್ಬರು ಚಿಕ್ಕ ಮಕ್ಕಳು, ಒಬ್ಬರು ಅಜ್ಜಿ. 60 ಕಿಲೋಮೀಟರ್ ಅಂತ ನೋಡಿ ಸಂಜೆ ಐದರ ಮೇಲೆ ಶಿರಸಿ ಬಿಟ್ಟಿದ್ದಾರೆ. ದೇವಿಮನೆ ಘಾಟಿಯಲ್ಲಿ ರಸ್ತೆಗೆ ಮಣ್ಣು ಬಿದ್ದು ವಾಹನ ನಿಲ್ಲಿಸಿದ್ದರು. ಆ ಮಳೆಯಲ್ಲಿ ಗಾಡಿ ತಿರುಗಿಸಿ ವಾಪಸ್ ಶಿರಸಿಗೆ ಹೋಗಿ ರಾತ್ರಿ ಕಳೆದು ಮರುದಿನ ಮಧ್ಯಾಹ್ನ ಮುಟ್ಟಿದರು. ಅವರು ಬೈಯಲಿಲ್ಲ. ‘ಗೂಗಲ್‌ನಲ್ಲಿ ಆ ಲೆಕ್ಕದ ಕೆಳಗೆ ನಿಮ್ಮ ಹೆಸರೇ ಇತ್ತಲ್ಲಾ ಸರ್’ ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನೋಡಿದ ಮೇಲಂತೂ, ಮಳೆಯನ್ನು ಬಿಟ್ಟು ದಾರಿಯ ಲೆಕ್ಕ ಹೇಳುವುದಕ್ಕೆ ನನ್ನ ಬಾಯಿಯೇ ಬರುವುದಿಲ್ಲ.

ಷರಾವನ್ನು ಕೋಷ್ಟಕದ ಒಳಗೇ ಹಾಕಬಹುದಿತ್ತಲ್ಲಾ ಅಂತೀರಿ. ಹಾಕಿ ನೋಡಿದೆ. ಕೊನೆಯ ಸಾಲಾಗಿ ಹಾಕಿದರೆ, ಚೌಕದಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಪುಟ ತೆರೆಯಬೇಕು. ನನ್ನ ಎಚ್ಚರಿಕೆ ಆ ‘ಉಳಿದದ್ದ’ರಲ್ಲಿ ಸೇರಿತು. ನಾಲ್ಕನೇ ಕಂಬಸಾಲಾಗಿ ಹಾಕಿದರೆ ಫೋನಿನ ಪರದೆಯಲ್ಲಿ ಜಾಗ ಸಾಲದೆ ಅದೇ ಮೊದಲು ಹೊರಗೆ ಬಿತ್ತು. ಪ್ರತಿ ಮನೆಯಲ್ಲೂ ‘ಮಳೆಗಾಲದಲ್ಲಿ ವಿಚಾರಿಸಿ’ ಅಂತ ಬರೆದರೆ ಅದು ಹೋಲಿಕೆಯೇ ಅಲ್ಲ, ಒಂದೇ ಮಾತು ಮೂರು ಸಲ.

ಅಡಿಕೆಯದ್ದೂ ಸ್ವಲ್ಪ ಹೀಗೇ. 40-45 ದಿನ ಅನ್ನುವುದು ಒಳ್ಳೆ ಬಿಸಿಲಿದ್ದರೆ. ಮೋಡ ಕವಿದರೆ ದಿನ ಜಾಸ್ತಿ ಬೇಕು, ಬೂಸಲು ಹಿಡಿಯುವ ಭಯ ಬೇರೆ. ಅವರು ಪುಣ್ಯಕ್ಕೆ ‘ಬಿಸಿಲಲ್ಲಿ’ ಅಂತ ಎಡಗಡೆ ಸೇರಿಸಿದ್ದಾರೆ. ಅದೊಂದು ಪದ ಬಿಟ್ಟಿದ್ದರೆ ಬರೀ ಅಂಕಿ ಹೋಗುತ್ತಿತ್ತು. ಇನ್ನು ಶಿರಸಿ ಮಾರುಕಟ್ಟೆಗೆ ಹೋಗಿ ನೋಡಿ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಾಲಿ, ಎಲ್ಲಕ್ಕೂ ಬೇರೆ ಬೇರೆ ದರ. ಎರಡು ಕಂಬಸಾಲಿನಲ್ಲಿ ನೋಡಿದವರು ಅಡಿಕೆ ಎಂದರೆ ಎರಡೇ ಜಾತಿ ಅಂದುಕೊಂಡು ಹೋಗುತ್ತಾರೆ. ತೋಟ ಕೊಳ್ಳುವವರು ಆ ನಂಬಿಕೆಯ ಮೇಲೆ ಲೆಕ್ಕ ಹಾಕಿದರೆ ಕಷ್ಟ. ದರವನ್ನೇ ಹೀಗೆ ಕೋಷ್ಟಕ ಮಾಡುವವರೂ ಇದ್ದಾರೆ. ಗೂಗಲ್ ಪುಟವನ್ನು ಮತ್ತೆ ಬಂದು ಓದುವ ತನಕ ಚೌಕದಲ್ಲಿ ನಿಲ್ಲುವುದು ಹಳೇ ದರ. ದಿನಾಂಕ ಮೇಲಿನ ಪ್ಯಾರಾದಲ್ಲಿ ಎಲ್ಲೋ ಇರುತ್ತದೆ.

ಚೌಕಕ್ಕೆ ಹೋದರೆ ಜನ ಬರುತ್ತಾರೆ ಅನ್ನುವ ವಾದ ನನಗೆ ಗೊತ್ತು. ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಕಿ ಅಲ್ಲೇ ಸಿಕ್ಕಿದವರು ಒಳಗೆ ಯಾಕೆ ಬರಬೇಕು? ದಾವಣಗೆರೆಯವರು ಪುಟ ತೆರೆದಿದ್ದರೆ ನನ್ನ ವಾಕ್ಯ ಓದುತ್ತಿದ್ದರು.

ಹಾಗಾಗಿ ನಾನು ಕೋಷ್ಟಕ ತೆಗೆಯಲಿಲ್ಲ, ಸುಮ್ನೆ ಒಂದು ಬೇಲಿ ಹಾಕಿದೆ:

```html
<div data-nosnippet>
  <table> ... </table>
</div>
```

ಇದರೊಳಗೆ ಇರುವುದನ್ನು ಗೂಗಲ್ ಫಲಿತಾಂಶದಲ್ಲಿ ತೋರಿಸುವುದಿಲ್ಲ, ಪುಟ ಮಾತ್ರ ಹುಡುಕಾಟದಲ್ಲಿ ಸಿಗುತ್ತದೆ. ಇದನ್ನು `div`, `span`, `section` ಇವುಗಳಿಗೆ ಮಾತ್ರ ಹಾಕಬೇಕು. ನೇರ `table`ಗೆ ಹಾಕಿ ಒಂದು ವಾರ ಕಾದು ನೋಡಿದೆ, ಏನೂ ಆಗಲಿಲ್ಲ. ತಪ್ಪು ನನ್ನದೇ. ಬೇಲಿಯ ಹೊರಗೆ, ಶೀರ್ಷಿಕೆಯ ಕೆಳಗೆ, ಒಂದೇ ವಾಕ್ಯ ಬಿಟ್ಟಿದ್ದೇನೆ: ‘ದೇವಿಮನೆ ಘಾಟಿ ಹತ್ತಿರದ ದಾರಿ, ಸುಮಾರು 60 ಕಿಲೋಮೀಟರ್, ಮಳೆಗಾಲದಲ್ಲಿ ಬಂದ್ ಇರಬಹುದು, ಹೊರಡುವ ಮೊದಲು ವಿಚಾರಿಸಿ.’ ಎತ್ತಿಕೊಳ್ಳುವುದಾದರೆ ಇದನ್ನು ಎತ್ತಿಕೊಳ್ಳಲಿ. ದೂರ ಮತ್ತು ಮಳೆ ಒಂದೇ ವಾಕ್ಯದಲ್ಲಿವೆ.

ಪುಟಕ್ಕೆ ಬರುವವರು ಕಡಿಮೆಯಾದರು, ಅದು ನಿಜ. ಫೋನ್ ಜಾಸ್ತಿಯಾಯಿತು. ‘ಘಾಟಿ ಓಪನ್ ಇದೆಯಾ ಸರ್?’ ಅಂತ ಬೆಳಿಗ್ಗೆ ಏಳಕ್ಕೇ ಶುರು. ನಾನು ಚಾ ಲೋಟ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಫೋನ್ ಮಾಡಿ, ಶಿರಸಿ ಬಸ್ಸು ಇಳಿದು ಬಂತಾ ಅಂತ ಕೇಳಿ, ಅವರಿಗೆ ಹೇಳುತ್ತೇನೆ.