ಭಾರಜಲ, ಸಹಜ ಯುರೇನಿಯಂ: ಒಂದು ಸ್ಪಷ್ಟನೆ

"ಭಾರಜಲ ನ್ಯೂಟ್ರಾನ್‌ಗಳನ್ನು ಮಾಮೂಲಿ ನೀರಿಗಿಂತ ಚೆನ್ನಾಗಿ ನಿಧಾನ ಮಾಡುತ್ತೆ. ಅದಕ್ಕೇ ಕೈಗಾಕ್ಕೆ ಎನ್‌ರಿಚ್ ಮಾಡಿದ ಯುರೇನಿಯಂ ಬೇಡ." ಕೈಗಾ ಅಣುಸ್ಥಾವರದ ಬಗ್ಗೆ ಹಾಸನದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಮಾತು.

ಕೊನೆಯ ಮಾತು ಸರಿ, ಕಾರಣ ತಪ್ಪು. ನಿಧಾನ ಮಾಡುವುದರಲ್ಲಿ ನಮ್ಮ ಹೇಮಾವತಿ ನೀರೇ ಮುಂದು. ಸುಮಾರು 18 ಡಿಕ್ಕಿಗೆ ಕೆಲಸ ಮುಗಿಯುತ್ತದೆ. ಭಾರಜಲಕ್ಕೆ ಅದರ ಎರಡರಷ್ಟು ಬೇಕು. ತೊಂದರೆ ಬೇರೆ: ಮಾಮೂಲಿ ಹೈಡ್ರೋಜನ್ ನ್ಯೂಟ್ರಾನನ್ನು ನುಂಗಿಬಿಡುತ್ತದೆ. ಭಾರಜಲದಲ್ಲಿರುವ ಭಾರದ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ನುಂಗುವುದು ಅದರ ಆರುನೂರರಲ್ಲಿ ಒಂದು ಪಾಲು ಮಾತ್ರ.

ಲೆಕ್ಕ ನೋಡಿ. ಸಹಜ ಯುರೇನಿಯಂನಲ್ಲಿ, ನಿಧಾನ ನ್ಯೂಟ್ರಾನ್ ತಗಲಿದರೆ ಒಡೆಯುವ ಯುರೇನಿಯಂ-235 ಇರುವುದು 0.7% ಅಷ್ಟೇ, ಉಳಿದದ್ದು ಹೆಚ್ಚುಕಮ್ಮಿ ಎಲ್ಲ ಯುರೇನಿಯಂ-238. ಸಹಜ ಯುರೇನಿಯಂ ಒಟ್ಟಾಗಿ 100 ನಿಧಾನ ನ್ಯೂಟ್ರಾನ್ ಹೀರಿದರೆ ಸುಮಾರು 133 ಹೊಸವು ಹುಟ್ಟುತ್ತವೆ. ಒಡೆಯುವ ಸರಣಿ ಮುಂದುವರಿಯಲು 100 ಬೇಕೇ ಬೇಕು. ಉಳಿದ 33ರಲ್ಲೇ ಸೋರಿಕೆ, ಯುರೇನಿಯಂ-238 ಕಸಿಯುವುದು, ನೀರು ನುಂಗುವುದು ಎಲ್ಲ ಆಗಬೇಕು. ಮಾಮೂಲಿ ನೀರಿಟ್ಟರೆ ಇದು ಸಾಲುವುದಿಲ್ಲ.

ನೀರು ಕಡಿಮೆ ಹಾಕಿದರಾಯ್ತು ಅಲ್ವಾ? ಆಗಲ್ಲ. ಆಗ ನ್ಯೂಟ್ರಾನ್ ಪೂರ್ತಿ ನಿಧಾನವಾಗುವ ಮೊದಲೇ ಯುರೇನಿಯಂ-238 ಇನ್ನೂ ಜಾಸ್ತಿ ಕಸಿಯುತ್ತದೆ. ಅದಕ್ಕೇ ಮಾಮೂಲಿ ನೀರು ಬಳಸುವ ಕೂಡಂಕುಳಂನಂಥ ಕಡೆ ಯುರೇನಿಯಂ-235 ಪಾಲನ್ನು ಹೆಚ್ಚಿಸುತ್ತಾರೆ, ಎನ್‌ರಿಚ್ ಮಾಡುವುದು ಎಂದರೆ ಇದೇ. 3% ಮಾಡಿದರೆ 133 ಇದ್ದದ್ದು ಸುಮಾರು 185 ಆಗುತ್ತದೆ. ನೀರು ನುಂಗಿದರೂ ಸರಣಿ ನಿಲ್ಲುವುದಿಲ್ಲ.

ಭಾರಜಲದ ಈ ಅನುಕೂಲ ಅದು ಶುದ್ಧವಾಗಿದ್ದರೆ ಮಾತ್ರ. ನ್ಯೂಟ್ರಾನ್ ನಿಧಾನ ಮಾಡುವ ಭಾರಜಲದ ಶುದ್ಧತೆ 99.7%ಗಿಂತ ಮೇಲೇ ಇರಬೇಕು. ಮಾಮೂಲಿ ನೀರು ಸ್ವಲ್ಪ ಬೆರೆತರೂ ಸರಣಿ ನಡೆಸುವ ಸಾಮರ್ಥ್ಯ, ಅಂದರೆ ರಿಯಾಕ್ಟಿವಿಟಿ, ಇಳಿಯುತ್ತದೆ, ಇಂಧನವನ್ನು ಬೇಗ ಬದಲಿಸಬೇಕಾಗುತ್ತದೆ.