ವೈನ್ ತಲೆನೋವಿಗೆ ಸಲ್ಫೈಟ್ ಕಾರಣವೇ?

"ರೆಡ್ ವೈನ್ ಕುಡಿದರೆ ತಲೆನೋವು ಬರೋದು ಕೆಡದಂತೆ ಅದಕ್ಕೆ ಹಾಕುವ ಸಲ್ಫೈಟ್‌ನಿಂದ. ಬಾಟಲಿ ಮೇಲೇ ಬರೆದಿರ್ತಾರೆ, ನೋಡಿ."

ಇದು ಲೆಕ್ಕಕ್ಕೆ ಕೂಡುವುದಿಲ್ಲ. ಯುರೋಪಿನ ನಿಯಮದಂತೆ ಸಿಹಿಯಿಲ್ಲದ ರೆಡ್ ವೈನಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಸಲ್ಫೈಟ್ ಇರಬಹುದು, ವೈಟ್ ವೈನಿನಲ್ಲಿ 200. ಸಲ್ಫೈಟೇ ಕಾರಣವಾದರೆ ವೈಟ್ ವೈನೇ ಜಾಸ್ತಿ ಕಾಡಬೇಕಿತ್ತು, ಅಲ್ವಾ? ಒಣ ಏಪ್ರಿಕಾಟಿಗೆ ಅಲ್ಲಿನ ಮಿತಿ ಕಿಲೋಗೆ 2000 ಮಿಲಿಗ್ರಾಂ. ಅಂದರೆ 50 ಗ್ರಾಂ ಹಣ್ಣಿನಲ್ಲಿ 100 ಮಿಲಿಗ್ರಾಂವರೆಗೆ ಇರಬಹುದು. 150 ಮಿಲಿಲೀಟರ್ ರೆಡ್ ವೈನಿನಲ್ಲಿ ಹೆಚ್ಚೆಂದರೆ 22 ಚಿಲ್ಲರೆ. ಏಪ್ರಿಕಾಟ್ ತಿಂದು ತಲೆ ಹಿಡಿದುಕೊಂಡವರನ್ನು ನಾನಂತೂ ನೋಡಿಲ್ಲ.

ಬಾಟಲಿ ಮೇಲಿನ ಎಚ್ಚರಿಕೆ ಸುಮ್ನೆ ಹಾಕಿದ್ದಲ್ಲ. ಸಲ್ಫೈಟ್ ಆಗದವರಿಗೆ, ಅದರಲ್ಲೂ ಕೆಲವು ಆಸ್ತಮಾ ರೋಗಿಗಳಿಗೆ, ಉಬ್ಬಸ ಬರುತ್ತದೆ. ಅವರು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ತಲೆನೋವಿಗೆ ಮೊದಲ ಅನುಮಾನ ಆಲ್ಕೋಹಾಲಿನ ಮೇಲೆಯೇ. ಆದರೆ ರೆಡ್ ವೈನ್ ಒಂದೇ ಲೋಟಕ್ಕೆ ಯಾಕೆ ಕೆಲವರನ್ನು ಕಾಡುತ್ತದೆ? 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಕ್ವೆರ್ಸೆಟಿನ್ ಕಡೆ ಬೆರಳು ತೋರಿಸಿದರು. ಇದು ದ್ರಾಕ್ಷಿ ಸಿಪ್ಪೆಯಲ್ಲಿರುತ್ತದೆ, ಬಿಸಿಲು ಬಿದ್ದಷ್ಟೂ ಹೆಚ್ಚುತ್ತದೆ. ರೆಡ್ ವೈನ್ ಸಿಪ್ಪೆಯ ಜೊತೆಗೇ ಹುಳಿಯುತ್ತದೆ, ವೈಟ್ ಸಾಮಾನ್ಯವಾಗಿ ಹಾಗಲ್ಲ. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಅದನ್ನು ಕರಗಿಸುವ ಕಿಣ್ವಕ್ಕೆ ಕ್ವೆರ್ಸೆಟಿನ್‌ನಿಂದ ದೇಹದಲ್ಲಾಗುವ ಇನ್ನೊಂದು ಅಂಶ ಅಡ್ಡ ಬರುತ್ತದೆ. ಅಸಿಟಾಲ್ಡಿಹೈಡ್ ಉಳಿದರೆ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಆ ಪ್ರಯೋಗ ನಡೆದದ್ದು ಲ್ಯಾಬಿನಲ್ಲಿ, ಮನುಷ್ಯರ ಮೇಲಲ್ಲ. ಹಾಗಾಗಿ ಇದನ್ನು ಬಲವಾದ ಊಹೆ ಎನ್ನಬಹುದು, ತೀರ್ಪು ಎನ್ನಲಾಗದು.